ಪಂಪ್ ಕೆಲಸ ಮಾಡ್ತಿಲ್ಲ ಅತ್ತಿಗೆ

ಅಸ್ತಮಾ ಇರುವವರು ಸಿಗರೇಟಿನ ಹತ್ತಿರಕ್ಕೂ ಹೋಗೋದಿಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಉಸಿರಿಗೇ ತೊಂದರೆ ಇರುವವರು ಹೊಗೆಯನ್ನು ದುಡ್ಡು ಕೊಟ್ಟು ಯಾಕೆ ಒಳಗೆಳೆದುಕೊಳ್ತಾರೆ, ಅಲ್ವಾ? ಆದರೆ ನನ್ನ ಕೆಲಸದಲ್ಲಿ ದಿನಾ ಕಾಣುವುದು ಬೇರೆ. ಒಂದು ಜೇಬಿನಲ್ಲಿ ಲೈಟರ್, ಇನ್ನೊಂದರಲ್ಲಿ ನೀಲಿ ಇನ್ಹೇಲರ್ ಇಟ್ಟುಕೊಂಡು ಬರುವವರು ವಾರಕ್ಕೆ ಮೂರ್ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಲೆಕ್ಕ ತೆಗೆದಾಗಲೂ ಹೀಗೇ ಕಂಡಿದೆ. ಅಸ್ತಮಾ ಇರುವ ದೊಡ್ಡವರು ಹೆಚ್ಚುಕಡಿಮೆ ಉಳಿದವರಷ್ಟೇ ಸೇದುತ್ತಾರೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನೀಷಿಯನ್. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಎಳೀರಿ, ಎಳೀರಿ, ಈಗ ಊದಿ, ಊದಿ, ಊದಿ, ನಿಲ್ಲಿಸ್ಬೇಡಿ" ಅಂತ ದಿನವಿಡೀ ಕೂಗುವವಳು ನಾನೇ. ನನ್ನ ಗಂಟಲು ಯಾವಾಗಲೂ ಕಟ್ಟಿರುವುದಕ್ಕೆ ಇದೇ ಕಾರಣ.

ಹೋದ ವರ್ಷ ನನ್ನ ಮೈದುನ ಆ ಕುರ್ಚಿಯಲ್ಲಿ ಬಂದು ಕೂತ. ವಯಸ್ಸು 31, ಹೊರ ವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ, ಚಿಕ್ಕಂದಿನಿಂದ ಉಬ್ಬಸ. ಅವನ ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೀನಿ. "ಹೆಸರು ಮಾತ್ರ ಬೇಡ, ಅಮ್ಮನಿಗೆ ಯಾರಾದ್ರೂ ಹೇಳ್ತಾರೆ" ಅಂದ. ಅತ್ತೆಗೆ ಮಗನ ಉಬ್ಬಸ ಗೊತ್ತು, ಸಿಗರೇಟು ಗೊತ್ತಿಲ್ಲ.

ಅವನ ದೂರು ಇಷ್ಟೇ. "ಪಂಪ್ ಕೆಲಸ ಮಾಡ್ತಿಲ್ಲ ಅತ್ತಿಗೆ. ಡಾಕ್ಟರು ಕೊಟ್ಟಿರೋ ಹೊಸದನ್ನ ಎರಡು ತಿಂಗಳಿಂದ ತಪ್ಪದೇ ತಗೋತಿದ್ದೀನಿ. ನೀಲಿದಾದ್ರೂ ತಕ್ಷಣ ಬಿಡಿಸುತ್ತೆ, ಇದರಿಂದ ಏನೂ ಗೊತ್ತೇ ಆಗ್ತಿಲ್ಲ."

ಈ ಒಂದು ವಾಕ್ಯದಲ್ಲಿ ಇಡೀ ಕಥೆಯೇ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಅಸ್ತಮಾದಲ್ಲಿ ಎರಡು ತೊಂದರೆಗಳು ಒಟ್ಟಿಗೆ ಇರುತ್ತವೆ. ಶ್ವಾಸನಾಳದ ಸುತ್ತ ಇರುವ ಸ್ನಾಯು ಬಿಗಿಯಾಗುತ್ತದೆ, ಇದು ಮೊದಲನೆಯದು. ನಾಳದ ಒಳಗೋಡೆ ಉರಿಯೂತದಿಂದ ಕೆಂಪಾಗಿ, ಊದಿಕೊಂಡು, ಕಫ ಕಟ್ಟುತ್ತದೆ, ಇದು ಎರಡನೆಯದು. ನೀಲಿ ಪಂಪಿನಲ್ಲಿರುವ ಸಾಲ್ಬ್ಯುಟಮಾಲ್ ಮೊದಲನೆಯದಕ್ಕೆ ಮಾತ್ರ ಔಷಧಿ. ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲವಾಗುತ್ತದೆ, ಎದೆ ಹಗುರಾಗುತ್ತದೆ, ನಾಲ್ಕೈದು ಗಂಟೆ ಹಾಗೇ ಇರುತ್ತದೆ. ಒಳಗಿನ ಊತಕ್ಕೆ ಅದು ಏನೂ ಮಾಡುವುದಿಲ್ಲ. ಊತ ಇಳಿಸುವುದು ಎರಡನೇ ಪಂಪಿನಲ್ಲಿರುವ ಸ್ಟೀರಾಯ್ಡ್, ಅಂದರೆ ಬುಡೆಸೊನೈಡ್, ಫ್ಲುಟಿಕಸೋನ್, ಬೆಕ್ಲೊಮೆಥಸೋನ್ ಇಂಥವು. ಇವು ದಿನಗಳು, ವಾರಗಳ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಆದರೆ ರಾತ್ರಿ ಮೂರಕ್ಕೆ ಎಚ್ಚರವಾಗುವುದನ್ನು, ವರ್ಷಕ್ಕೊಮ್ಮೆ ಎಮರ್ಜೆನ್ಸಿಗೆ ಓಡುವುದನ್ನು ತಪ್ಪಿಸುವುದು ಇವೇ.

ಸೇದುವವರ ವಿಷಯದಲ್ಲಿ ಆಗುವ ಮೋಸ ಇಲ್ಲೇ ಇದೆ. ಅವರಿಗೂ ನೀಲಿ ಪಂಪು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಗೆ ಪೆಟ್ಟು ಕೊಡುವುದು ಸ್ಟೀರಾಯ್ಡ್ ಕೆಲಸಕ್ಕೆ. ಹಾಗಾಗಿ ರೋಗಿಗೆ ಕಾಣುವ ಚಿತ್ರ ತಲೆಕೆಳಗಾಗುತ್ತದೆ. ನೀಲಿ ಒಳ್ಳೇದು, ಇನ್ನೊಂದು ದಂಡ. ಕ್ರಮೇಣ ಎರಡನೆಯದನ್ನು ಬಿಟ್ಟು ನೀಲಿಯನ್ನೇ ನಂಬಿಕೊಳ್ತಾರೆ. ನನ್ನ ಮೈದುನ 200 ಡೋಸಿನ ನೀಲಿ ಡಬ್ಬಿಯನ್ನು ಎರಡು ತಿಂಗಳಿಗೆ ಒಂದರಂತೆ ಮುಗಿಸುತ್ತಿದ್ದ, ಅಂದರೆ ವರ್ಷಕ್ಕೆ ಆರು. ವರ್ಷಕ್ಕೆ ಮೂರು ಡಬ್ಬಿ ಖಾಲಿಯಾಗುತ್ತಿದೆ ಅಂದರೇನೇ ದೊಡ್ಡ ಅಟ್ಯಾಕ್ ಬರುವ ಅಪಾಯ ಏರಿದೆ ಅಂತ ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಎಚ್ಚರಿಸುತ್ತದೆ.

ಪರೀಕ್ಷೆಗೆ ಮುಂಚೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದೆ. ದಿನಕ್ಕೆ ಎಷ್ಟು?

"ಎಂಟು ಇರಬಹುದು."

ಸರಿ, ಲೆಕ್ಕ ಹಾಕೋಣ ಅಂದೆ. ಎದ್ದ ಕೂಡಲೇ ಒಂದು. ಕ್ಯಾಬ್ ಹತ್ತುವ ಮುಂಚೆ ಒಂದು. ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ಟೀ ಜೊತೆ ಎರಡು. ಊಟ ಆದಮೇಲೆ ಎರಡು. ನಾಲ್ಕು ಗಂಟೆಗೆ ಎರಡು. ಆರಕ್ಕೆ ಅಮೆರಿಕಾದವರ ಕಾಲ್, ಅದಕ್ಕೆ ಮುಂಚೆ ಒಂದು, ಆದಮೇಲೆ ಎರಡು. ಮನೆ ಕೆಳಗೆ ಇಳಿದು ಒಂದು. ರಾತ್ರಿ ಊಟದ ಮೇಲೆ ಟೆರೇಸಿನಲ್ಲಿ ಮೂರು. ಬೆರಳು ಮಡಚಿ ಮಡಚಿ ಎಣಿಸಿದರೆ ಹದಿನೈದಾಯ್ತು. ಅವನೇ ಬೆಚ್ಚಿಬಿದ್ದ. ಇಪ್ಪತ್ತನೇ ವಯಸ್ಸಿಗೆ ಶುರು ಮಾಡಿದ್ದು, ಹನ್ನೊಂದು ವರ್ಷವಾಗಿದೆ. ನಮ್ಮಲ್ಲಿ ಇದಕ್ಕೆ ಪ್ಯಾಕ್-ಇಯರ್ ಅಂತ ಒಂದು ಅಳತೆ ಇದೆ. ದಿನಕ್ಕೆ 20ರಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಅವನದು ಎಂಟು ದಾಟಿತ್ತು.

ಇನ್ನು ಪರೀಕ್ಷೆ. ತುಂಬಾ ಸರಳ. ಎದೆ ತುಂಬಾ ಗಾಳಿ ಎಳೆದುಕೊಂಡು, ಒಂದೇ ಸಲಕ್ಕೆ ಜೋರಾಗಿ ಊದಬೇಕು, ಪೂರ್ತಿ ಖಾಲಿಯಾಗುವವರೆಗೆ. ಒಟ್ಟು ಎಷ್ಟು ಗಾಳಿ ಬಂತು, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಬಂತು, ಇವೆರಡನ್ನು ಯಂತ್ರ ಅಳೆಯುತ್ತದೆ. ನಮಗೆ ಮುಖ್ಯವಾಗಿ ಬೇಕಾದದ್ದು ಆ ಮೊದಲ ಸೆಕೆಂಡು. ನಾಳ ಕಿರಿದಾಗಿದ್ದರೆ ಎಷ್ಟೇ ಜೋರಾಗಿ ಊದಿದರೂ ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ ಕಡಿಮೆ. ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು, ಅತ್ಯುತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪರೀಕ್ಷೆಗೆ ಮುಂಚೆ ಕನಿಷ್ಠ ಒಂದು ಗಂಟೆ ಸಿಗರೇಟ್ ಮುಟ್ಟಿರಬಾರದು, ನೀಲಿ ಪಂಪನ್ನೂ ಕೆಲವು ಗಂಟೆ ನಿಲ್ಲಿಸಿರಬೇಕು.

ಅವನ ವಯಸ್ಸು, ಎತ್ತರಕ್ಕೆ ಮೊದಲ ಸೆಕೆಂಡಿನಲ್ಲಿ ಸುಮಾರು 3.45 ಲೀಟರ್ ಬರಬೇಕಿತ್ತು. ಬಂದದ್ದು 2.55. ನೀಲಿ ಔಷಧಿ ನಾಲ್ಕು ಸಲ ಎಳೆಸಿ, ಹದಿನೈದು ನಿಮಿಷ ಕಾಯಿಸಿ, ಮತ್ತೆ ಊದಿಸಿದೆ. 2.87 ಬಂತು. 320 ಮಿಲಿಲೀಟರ್ ಜಾಸ್ತಿ, ಶೇಕಡಾ 12ಕ್ಕಿಂತ ಮೇಲೆ. ಅಂದರೆ ಇದು ಅಸ್ತಮಾನೇ, ನಾಳ ಇನ್ನೂ ಬಿಚ್ಚಿಕೊಳ್ಳುತ್ತೆ, ಅನುಮಾನವಿಲ್ಲ. ಆದರೆ ಎರಡು ತಿಂಗಳ ಹಿಂದೆ, ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಮಾಡಿಸಿದ್ದ ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿ 2.52 ಇತ್ತು. ಎಂಟು ವಾರದ ಔಷಧಿ ತಂದುಕೊಟ್ಟದ್ದು 30 ಮಿಲಿಲೀಟರ್. ಅಷ್ಟು ವ್ಯತ್ಯಾಸ ಒಂದು ಊದಿಗೂ ಇನ್ನೊಂದಕ್ಕೂ ಬಂದುಬಿಡುತ್ತೆ. ಅಂದರೆ ಏನೂ ಬದಲಾಗಿಲ್ಲ.

ಪಂಪು ಕೆಲಸ ಮಾಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸಿಗರೇಟನ್ನಲ್ಲ, ಎಳೆಯುವ ರೀತಿಯನ್ನ. ನಾನು ನೋಡಿದ ಹಾಗೆ ಅರ್ಧಕ್ಕರ್ಧ ಜನ ತಪ್ಪಾಗಿ ಎಳೀತಾರೆ. ಒತ್ತುವುದೊಂದು ಕ್ಷಣ, ಎಳೆಯುವುದು ಇನ್ನೊಂದು ಕ್ಷಣ, ಔಷಧಿಯೆಲ್ಲ ಗಂಟಲಿಗೆ. ಅವನ ಕೈಲಿ ಎಳೆಸಿ ನೋಡಿದೆ. ಸ್ಪೇಸರ್ ಹಾಕಿಕೊಂಡು, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿದ. ಸರಿಯಾಗಿಯೇ ಇತ್ತು. ಎರಡನೇ ಅನುಮಾನ, ತಗೊಳ್ತಾನೇ ಇಲ್ಲವೇ ಅನ್ನೋದು. ಡಬ್ಬಿಯ ಹಿಂದಿನ ಅಂಕಿ ನೋಡಿದೆ, ಲೆಕ್ಕ ಸರಿಹೊಂದಿತು. ಹುಡುಗ ನಿಜವೇ ಹೇಳಿದ್ದ. ಔಷಧಿ ಹೋಗಬೇಕಾದ ಜಾಗಕ್ಕೇ ಹೋಗುತ್ತಿತ್ತು, ಅಲ್ಲಿ ಅದರ ಕೆಲಸ ನಡೆಯುತ್ತಿರಲಿಲ್ಲ.

ಇದನ್ನು ಚೆನ್ನಾಗಿ ಹುಡುಕಿ ತೋರಿಸಿದವರು ಸ್ಕಾಟ್‌ಲೆಂಡಿನ ಗ್ಲ್ಯಾಸ್ಗೋದ ವೈದ್ಯರು, ನೀಲ್ ಥಾಮ್ಸನ್ ಮತ್ತವರ ಸಂಗಡಿಗರು. ಅದಕ್ಕೆ ಮುಂಚೆ ಈ ವಿಷಯ ಯಾಕೆ ಅಷ್ಟಾಗಿ ಗೊತ್ತಿರಲಿಲ್ಲ ಅನ್ನುವುದಕ್ಕೂ ಒಂದು ಕಾರಣ ಇದೆ. ಅಸ್ತಮಾ ಔಷಧಿಗಳ ಹೆಚ್ಚಿನ ಪ್ರಯೋಗಗಳಲ್ಲಿ ಸೇದುವವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಅವರಿಗೆ ಸಿಗರೇಟಿನಿಂದ ಬರುವ ಬೇರೆ ಶ್ವಾಸಕೋಶದ ಕಾಯಿಲೆ ಇರಬಹುದು, ಫಲಿತಾಂಶ ಕಲಸಿಹೋಗುತ್ತೆ ಅಂತ. ಸರಿಯಾದ ಕಾರಣವೇ. ಆದರೆ ಪರಿಣಾಮ ಏನಾಯ್ತು? "ಈ ಪಂಪು ಇಷ್ಟು ಒಳ್ಳೇದು" ಅಂತ ಪುಸ್ತಕದಲ್ಲಿ ಬರೆದಿರುವುದೆಲ್ಲ ಬಹುತೇಕ ಸೇದದವರ ಶ್ವಾಸಕೋಶದ ಕಥೆ. ನನ್ನ ಮೈದುನನಂಥವರು ಆ ಲೆಕ್ಕದಲ್ಲಿ ಇರಲೇ ಇಲ್ಲ.

2002ರಲ್ಲಿ ಗ್ಲ್ಯಾಸ್ಗೋದವರು 38 ಜನರನ್ನು ತಗೊಂಡರು. ಎಲ್ಲರಿಗೂ ಸೌಮ್ಯ ಅಸ್ತಮಾ, ಯಾರೂ ಆವರೆಗೆ ಸ್ಟೀರಾಯ್ಡ್ ಪಂಪ್ ತಗೊಂಡವರಲ್ಲ. ಕೆಲವರು ಸೇದುವವರು, ಕೆಲವರು ಅಲ್ಲ. ಎಲ್ಲರಿಗೂ ಮೂರು ವಾರ ದೊಡ್ಡ ಡೋಸಿನ ಫ್ಲುಟಿಕಸೋನ್, ಮೂರು ವಾರ ಔಷಧಿಯಿಲ್ಲದ ಖಾಲಿ ಪಂಪ್ ಕೊಟ್ಟರು. ಬೆಳಗ್ಗೆ ಎದ್ದು ಊದುವ ವೇಗ ಸೇದದವರಲ್ಲಿ ನಿಮಿಷಕ್ಕೆ 27 ಲೀಟರ್ ಏರಿತು. ಸೇದುವವರಲ್ಲಿ ಏರಲೇ ಇಲ್ಲ, 5 ಲೀಟರ್ ಇಳಿಯಿತು.

ಪಂಪಿನ ಔಷಧಿ ಕಫದಲ್ಲಿ ಸಿಕ್ಕಿಕೊಂಡು ಒಳಗೇ ಹೋಗುತ್ತಿಲ್ಲವೇನೋ ಅಂತ ನಿಮಗೆ ಅನಿಸಬಹುದು. ಮುಂದಿನ ವರ್ಷ ಅದಕ್ಕೂ ಉತ್ತರ ಬಂತು. ಈ ಸಲ ಪಂಪ್ ಬಿಟ್ಟು ಮಾತ್ರೆ ಕೊಟ್ಟರು, ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್, ಎರಡು ವಾರ. ಅಟ್ಯಾಕ್ ಆದಾಗ ಕೊಡುವಂಥ ಡೋಸ್ ಅದು, ರಕ್ತದ ಮೂಲಕವೇ ಹೋಗುತ್ತೆ, ಕಫ ಅಡ್ಡ ಬರೋದಿಲ್ಲ. ಸೇದದವರಲ್ಲಿ ಮೊದಲ ಸೆಕೆಂಡಿನ ಗಾಳಿ 237 ಮಿಲಿಲೀಟರ್ ಹೆಚ್ಚಿತು. ಸೇದುವವರಲ್ಲಿ 47. ಅಂದರೆ ತೊಂದರೆ ಔಷಧಿ ತಲುಪುವ ದಾರಿಯದ್ದಲ್ಲ, ತಲುಪಿದ ಮೇಲಿನದ್ದು.

ತಲುಪಿದ ಮೇಲೆ ಏನಾಗುತ್ತೆ? ಊತ ಉಂಟುಮಾಡುವ ರಾಸಾಯನಿಕಗಳನ್ನು ತಯಾರಿಸುವ ಜೀನ್‌ಗಳನ್ನು ಒಂದು ಸಾಲು ಅಂಗಡಿ ಅಂದುಕೊಳ್ಳಿ. ಅಸ್ತಮಾದಲ್ಲಿ ಅವುಗಳ ಶಟರೆಲ್ಲ ತೆರೆದುಕೊಂಡಿರುತ್ತದೆ. ಸ್ಟೀರಾಯ್ಡ್ ಒಳಗೆ ಹೋಗಿ ಮುಚ್ಚಿ ಅಂತ ಆರ್ಡರ್ ಕೊಡುವ ಸಾಹೇಬ. ಆದರೆ ಶಟರ್ ಎಳೆಯುವ ಕೆಲಸ ಅವನದಲ್ಲ, ಅದಕ್ಕೆ ಹಿಸ್ಟೋನ್ ಡಿಅಸಿಟೈಲೇಸ್-2 ಅನ್ನುವ ಒಂದು ಕಿಣ್ವ ಇದೆ. ಸಿಗರೇಟಿನ ಹೊಗೆಯಲ್ಲಿರುವ ಆಕ್ಸಿಡೆಂಟುಗಳು ಈ ಕಿಣ್ವವನ್ನೇ ಕೆಡಿಸುತ್ತವೆ. ಸಾಹೇಬರು ಬಂದು ಆರ್ಡರ್ ಕೊಟ್ಟು ನಿಂತಿರುತ್ತಾರೆ, ಶಟರ್ ಎಳೆಯುವವನೇ ಇಲ್ಲ. ಎರಡನೇ ಕಾರಣವೂ ಇದೆ. ಸಾಮಾನ್ಯ ಅಸ್ತಮಾದಲ್ಲಿ ನಾಳದ ಗೋಡೆಯಲ್ಲಿ ಸೇರುವುದು ಹೆಚ್ಚಾಗಿ ಇಯೋಸಿನೋಫಿಲ್ ಅನ್ನುವ ಬಿಳಿರಕ್ತಕಣ, ಅದು ಸ್ಟೀರಾಯ್ಡಿಗೆ ಬೇಗ ಬಗ್ಗುತ್ತದೆ. ಸೇದುವವರಲ್ಲಿ ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಜಾತಿ ಹೆಚ್ಚಾಗಿ ಬಂದು ಸೇರಿಕೊಳ್ಳುತ್ತದೆ. ಅದಕ್ಕೆ ಸ್ಟೀರಾಯ್ಡ್ ಅಂದರೆ ಅಷ್ಟೇನೂ ಭಯವಿಲ್ಲ.

ಇದನ್ನೆಲ್ಲ ನನ್ನ ಮೈದುನನಿಗೆ ಕ್ಯಾಂಟೀನಿನಲ್ಲಿ ಟಿಶ್ಯೂ ಪೇಪರ್ ಮೇಲೆ ಗೀಚಿ ಹೇಳಿದೆ. ಅವನು ಟೆಸ್ಟಿಂಗ್‌ನವನು, ತಕ್ಷಣ ಒಂದು ದಾರಿ ಹುಡುಕಿದ.

"ಹಾಗಾದ್ರೆ ಡೋಸ್ ಜಾಸ್ತಿ ಮಾಡಿಸ್ಬಿಡಿ ಅತ್ತಿಗೆ. ಒಬ್ಬನ ಜಾಗದಲ್ಲಿ ನಾಲ್ಕು ಜನ ಸಾಹೇಬ್ರು ಹೋಗ್ಲಿ."

ಪ್ರಶ್ನೆ ದಡ್ಡತನದ್ದಲ್ಲ. ಗ್ಲ್ಯಾಸ್ಗೋದವರೂ ಇದನ್ನೇ ಕೇಳಿಕೊಂಡಿದ್ದರು. ದಿನಕ್ಕೆ 400 ಮೈಕ್ರೋಗ್ರಾಂ ಬೆಕ್ಲೊಮೆಥಸೋನ್ ಕೊಟ್ಟಾಗ ಸೇದುವವರು, ಸೇದದವರ ನಡುವೆ ಅಂತರ ದೊಡ್ಡದಾಗಿತ್ತು. 2000 ಕೊಟ್ಟಾಗ ಅಂತರ ಕಿರಿದಾಯಿತು. ಅಂದರೆ ಡೋಸ್ ಏರಿಸಿದರೆ ಸ್ವಲ್ಪ ಉಪಯೋಗ ಇದೆ. ಆದರೆ ಬೇರೆಯವರಿಗಿಂತ ಐದು ಪಟ್ಟು ಔಷಧಿ ತಗೊಂಡು ಅವರ ಹತ್ತಿರ ಹತ್ತಿರ ಬರುವುದು ಎಂಥ ಲಾಭ? ದೊಡ್ಡ ಡೋಸು ವರ್ಷಗಟ್ಟಲೆ ಹೋದರೆ ದನಿ ಒಡೆಯುತ್ತೆ, ಬಾಯಲ್ಲಿ ಹುಣ್ಣಿನಂಥ ಬಿಳಿ ಫಂಗಸ್ ಬರುತ್ತೆ, ಮೂಳೆ, ಕಣ್ಣಿಗೂ ತೊಂದರೆ ಆಗಬಹುದು. ಅಷ್ಟಾದ ಮೇಲೂ ಹೊಗೆ ಮಾಡುವ ಎರಡನೇ ಹಾನಿಗೆ ಡೋಸು ಅಡ್ಡ ನಿಲ್ಲುವುದಿಲ್ಲ.

ಎರಡನೇ ಹಾನಿ ಅಂದರೆ ಶ್ವಾಸಕೋಶದ ಸವೆತ. ಮೂವತ್ತರ ಆಸುಪಾಸಿನಿಂದ ಎಲ್ಲರಿಗೂ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬರುತ್ತದೆ. ಕೂದಲು ನರೆತಂತೆ, ಅದು ಸಹಜ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 15 ವರ್ಷ ಜನರನ್ನು ಹಿಂಬಾಲಿಸಿ ಅಳೆದರು. 1998ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಅಸ್ತಮಾ ಇಲ್ಲದವರು ವರ್ಷಕ್ಕೆ 22 ಮಿಲಿಲೀಟರ್ ಕಳೆದುಕೊಂಡಿದ್ದರೆ, ಅಸ್ತಮಾ ಇದ್ದವರು 38 ಕಳೆದುಕೊಂಡಿದ್ದರು. ಸಿಗರೇಟು ಸೇರಿದರೆ ಇಳಿಜಾರು ಇನ್ನೂ ಕಡಿದು.

ಆದರೆ ನನ್ನ ಮೈದುನನ ವಯಸ್ಸಿಗೆ ಹತ್ತಿರವಾದ ಲೆಕ್ಕ ಅಮೆರಿಕಾದ್ದು. 1985-86ರಲ್ಲಿ 18ರಿಂದ 30 ವರ್ಷದ ಸಾವಿರಾರು ಜನರನ್ನು ಅಲ್ಲಿನ ನಾಲ್ಕು ನಗರಗಳಲ್ಲಿ ಆರಿಸಿ, ಹತ್ತು ವರ್ಷ ಅವರ ಗಾಳಿ ಅಳೆದರು. ಅಸ್ತಮಾನೂ ಇಲ್ಲ, ಸಿಗರೇಟೂ ಇಲ್ಲ ಅನ್ನುವವರು ಹತ್ತು ವರ್ಷದಲ್ಲಿ ಶೇಕಡಾ 8.5 ಕಳೆದುಕೊಂಡರು. ಅಸ್ತಮಾ ಮಾತ್ರ ಇದ್ದವರು 10.1. ದಿನಕ್ಕೆ 15 ಅಥವಾ ಹೆಚ್ಚು ಸೇದುವ, ಅಸ್ತಮಾ ಇಲ್ಲದವರು 11.1. ಎರಡೂ ಇದ್ದವರು ಶೇಕಡಾ 17.8.

ಈ ನಾಲ್ಕು ಅಂಕಿಗಳನ್ನು ಇನ್ನೊಂದು ಸಲ ನೋಡಿ. ಅಸ್ತಮಾ ಒಂದೇ ಇದ್ದಾಗ ಹೆಚ್ಚುವರಿ ನಷ್ಟ ಒಂದೂವರೆ ಅಷ್ಟೇ, ಸಿಗರೇಟ್ ಒಂದೇ ಇದ್ದಾಗ ಎರಡೂವರೆ. ಎರಡನ್ನೂ ಕೂಡಿಸಿದರೆ ನಾಲ್ಕು ಚಿಲ್ಲರೆ ಆಗಬೇಕಿತ್ತು. ಆಗಿರುವುದು ಒಂಬತ್ತಕ್ಕಿಂತ ಮೇಲೆ. ಒಂದು ಇನ್ನೊಂದನ್ನು ಕೂಡುತ್ತಿಲ್ಲ, ಬೆಳೆಸುತ್ತಿದೆ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ಕೆಲವು ಕಡೆ ಎರಡರ ನಷ್ಟ ಬರೀ ಕೂಡಿಕೊಂಡಂತೆಯೂ ಇದೆ. ಆದರೆ ಎರಡೂ ಇರುವವರು ಹೆಚ್ಚು ಕಳೆದುಕೊಳ್ತಾರೆ ಅನ್ನುವುದು ಬದಲಾಗುವುದಿಲ್ಲ.

ಶೇಕಡಾವಾರು ಮನಸ್ಸಿಗೆ ನಾಟೋದಿಲ್ಲ ಅಂತ ಟಿಶ್ಯೂ ಪೇಪರಿನ ಇನ್ನೊಂದು ಬದಿಯಲ್ಲಿ ಲೀಟರ್ ಲೆಕ್ಕ ಹಾಕಿದೆ. 3.4 ಲೀಟರಿನಿಂದ ಶುರು ಮಾಡಿದರೆ, ಮೊದಲ ಗುಂಪಿನವನು ಹತ್ತು ವರ್ಷದಲ್ಲಿ 290 ಮಿಲಿಲೀಟರ್ ಕಳೆದುಕೊಳ್ತಾನೆ. ನಿನ್ನ ಗುಂಪಿನವನು 600. ನೀನು 3.4ರಿಂದ ಶುರು ಮಾಡ್ತಿಲ್ಲ, ಈಗಲೇ 2.55ರಲ್ಲಿ ಇದ್ದೀಯ. ಅದರಲ್ಲಿ ಪಂಪಿಗೆ ಬಿಚ್ಚಿಕೊಳ್ಳುವ ಭಾಗ ಬೇರೆ, ಶಾಶ್ವತವಾಗಿ ಹೋಗುವ ಭಾಗ ಬೇರೆ. ಸವೆತದಲ್ಲಿ ಹೋದದ್ದು ಯಾವ ಪಂಪಿಗೂ ವಾಪಸ್ ಬರೋದಿಲ್ಲ. ಇದು ನಡೀತಿದೆ ಅಂತ ದಿನನಿತ್ಯದಲ್ಲಿ ಗೊತ್ತೂ ಆಗೋದಿಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೆ ಅರ್ಧ ಲೀಟರ್ ಕಡಿಮೆಯಾದರೆ ಗೊತ್ತಾಗುವುದು ಲಿಫ್ಟ್ ಕೆಟ್ಟ ದಿನ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಈ ಪಂಪ್ ದಂಡ ಅಂದ್ರೆ ಬಿಟ್ಟುಬಿಡ್ಲಾ?" ಅಂದ.

ಅದೊಂದು ಮಾಡಬೇಡ ಅಂದೆ. ಸೇದುವವರಲ್ಲಿ ಸ್ಟೀರಾಯ್ಡ್ ಪಂಪಿನ ಕೆಲಸ ಕುಗ್ಗಿರುತ್ತೆ, ಸೊನ್ನೆಯಾಗಿರೋದಿಲ್ಲ. ಗ್ಲ್ಯಾಸ್ಗೋದ ಅಂಕಿಗಳು ಗುಂಪಿನ ಸರಾಸರಿ, ಅದರೊಳಗೆ ಕೆಲವರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತೆ. ಅದನ್ನು ಬಿಟ್ಟು ಬರೀ ನೀಲಿಯ ಮೇಲೆ ನಿಂತವರೇ ಎಮರ್ಜೆನ್ಸಿಯಲ್ಲಿ ಕಾಣಿಸಿಕೊಳ್ಳೋದು. ನಮ್ಮ ಡಾಕ್ಟರ್ ಮೇಡಂ ಡೋಸ್ ಏರಿಸಲಿಲ್ಲ. ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಸೇರಿರುವ ಪಂಪ್ ಬರೆದುಕೊಟ್ಟರು. ದಿನಾ ತಗೊಳ್ಳುವುದೂ ಅದೇ, ದಮ್ಮು ಕಟ್ಟಿದಾಗ ಎಳೆಯುವುದೂ ಅದೇ. ನೀಲಿಯನ್ನೇ ನೆಚ್ಚಿಕೊಳ್ಳುವ ಚಟ ತಪ್ಪುತ್ತೆ, ಪ್ರತಿ ಸಲ ಎಳೆದಾಗಲೂ ಸ್ವಲ್ಪ ಸ್ಟೀರಾಯ್ಡ್ ಒಳಗೆ ಹೋಗುತ್ತೆ. ಕೊನೆಗೆ ಮೇಡಂ ಅವನನ್ನೇ ನೋಡಿ ಹೇಳಿದರು: "ನಿಮ್ಮ ಸಿಗರೇಟೇ ಈ ಪಂಪಿನ ಎದುರಾಳಿ. ಅದನ್ನ ತೆಗೆದರೆ ಇದೇ ಪಂಪು, ಇದೇ ಡೋಸು ಬೇರೆ ಥರ ಕೆಲಸ ಮಾಡಬಹುದು."

ಅವರು ಹಾಗಂದದ್ದಕ್ಕೆ ಆಧಾರ ಗ್ಲ್ಯಾಸ್ಗೋದವರೇ 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ಅಸ್ತಮಾ ಇದ್ದು ಸೇದುವ 32 ಜನರಲ್ಲಿ ಬಿಡಲು ಪ್ರಯತ್ನಿಸಿ ಆರು ವಾರ ಪೂರ್ತಿ ನಿಂತವರು ಹತ್ತೇ ಜನ. ಆ ಹತ್ತು ಜನರ ಮೊದಲ ಸೆಕೆಂಡಿನ ಗಾಳಿ, ಮುಂದುವರಿಸಿದವರಿಗಿಂತ 407 ಮಿಲಿಲೀಟರ್ ಮೇಲಿತ್ತು. ಸುಧಾರಣೆ ಮೊದಲ ವಾರದಲ್ಲೇ ಕಾಣಿಸಿತ್ತು. ಕಫದಲ್ಲಿನ ನ್ಯೂಟ್ರೋಫಿಲ್‌ಗಳೂ ಇಳಿದಿದ್ದವು. ಹತ್ತು ಜನರ ಲೆಕ್ಕ ಚಿಕ್ಕದು ನಿಜ. ಬಿಡುವವರು ಯಾರು, ಬಿಡದವರು ಯಾರು ಅಂತ ಅವರವರೇ ಆರಿಸಿಕೊಂಡದ್ದು, ಚೀಟಿ ಎತ್ತಿ ಹಂಚಿದ್ದಲ್ಲ. ಆದ್ದರಿಂದ 407 ಅನ್ನುವುದನ್ನು ಗ್ಯಾರಂಟಿ ಕಾರ್ಡ್ ಥರ ಹಿಡಿದುಕೊಳ್ಳಬಾರದು. ಆದರೆ ಎರಡು ವಾರದ ಸ್ಟೀರಾಯ್ಡ್ ಮಾತ್ರೆ ಸೇದುವವರಿಗೆ ಕೊಟ್ಟದ್ದು 47 ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಬಿಡುವುದು ಹೇಗೆ ಅನ್ನುವುದು ಇನ್ನೊಂದು ಬರಹದ ವಿಷಯ, ಒಂದೆರಡು ಮಾತು ಮಾತ್ರ ಹೇಳ್ತೀನಿ. ಮೈದುನ ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿದ. ವರ್ಷಗಟ್ಟಲೆ ಆ ನಂಬರನ್ನ ದಿನಾ ನೋಡಿದ್ರೂ ಓದಿರಲಿಲ್ಲ ಅಂದ. ಜೊತೆಗೆ 2 ಮಿಲಿಗ್ರಾಂನ ನಿಕೋಟಿನ್ ಗಮ್. ಮೊದಲ ವಾರ ಅದು ಹಿಡಿಸಲೇ ಇಲ್ಲ, ಯಾಕಂದ್ರೆ ಸಾದಾ ಚೂಯಿಂಗ್ ಗಮ್ ಥರ ಅಗೀತಿದ್ದ, ಅದೂ ಟೀ ಕುಡಿದ ಕೂಡಲೇ. ಅದನ್ನು ಸ್ವಲ್ಪ ಅಗಿದು, ಖಾರ ಬಂದ ಕೂಡಲೇ ಕೆನ್ನೆ ಪಕ್ಕಕ್ಕೆ ಒತ್ತಿ ಇಡಬೇಕು. ಟೀ, ಕಾಫಿ ಕುಡಿದ ಮೇಲೆ ಕಾಲು ಗಂಟೆ ಬಿಡಬೇಕು, ಇಲ್ಲದಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳೋದಿಲ್ಲ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಅಸ್ತಮಾಕ್ಕೆ ಥಿಯೋಫಿಲಿನ್ ಮಾತ್ರೆ ತಗೊಳ್ಳುವವರು ಸಿಗರೇಟ್ ಬಿಡುವಾಗ ಡಾಕ್ಟರಿಗೆ ಹೇಳಲೇಬೇಕು. ಹೊಗೆ ಆ ಔಷಧಿಯನ್ನು ದೇಹದಿಂದ ಬೇಗ ಹೊರಹಾಕಿಸುತ್ತಿರುತ್ತದೆ. ಹೊಗೆ ನಿಂತಾಗ ಹಳೇ ಡೋಸೇ ಜಾಸ್ತಿಯಾಗಿ, ಎದೆಬಡಿತ, ವಾಂತಿ ಶುರುವಾಗಬಹುದು.

ಅವನು ಎರಡು ಸಲ ಬಿಟ್ಟ, ಒಂದು ಸಲ ಜಾರಿದ. ರಿಲೀಸ್ ಇದ್ದ ವಾರ ಅದು. ಎರಡನೇ ಸಲ ಬಿಟ್ಟು ಎಂಟು ವಾರ ಆದಮೇಲೆ ಮತ್ತೆ ನನ್ನ ಕುರ್ಚಿಗೆ ಬಂದ. ನೀಲಿ ಔಷಧಿ ಕೊಡುವ ಮುಂಚೆಯೇ 2.93 ಬಂತು. ಒಂದೇ ಸಲ ಬಂದದ್ದಿರಬೇಕು ಅಂತ ಇನ್ನೆರಡು ಸಲ ಊದಿಸಿದೆ. 2.90, 2.91. ಹೊಸ ಪಂಪಿನ ಪಾಲು ಎಷ್ಟು, ಸಿಗರೇಟ್ ನಿಂತದ್ದರ ಪಾಲು ಎಷ್ಟು ಅಂತ ಒಬ್ಬನ ರಿಪೋರ್ಟಿನಿಂದ ಬಿಡಿಸಿ ಹೇಳೋಕೆ ಆಗೋದಿಲ್ಲ. ಆದರೆ ರಾತ್ರಿ ಎಚ್ಚರವಾಗುವುದು ನಿಂತಿದೆ. 3.45 ಮಾತ್ರ ಬಂದಿಲ್ಲ. ಆ ಉಳಿದ ಅರ್ಧ ಲೀಟರಿನಲ್ಲಿ ಎಷ್ಟು ಇನ್ನೂ ಬಿಚ್ಚಿಕೊಳ್ಳಬಹುದು, ಎಷ್ಟು ಹನ್ನೊಂದು ವರ್ಷದಲ್ಲಿ ಸವೆದುಹೋಯ್ತು ಅನ್ನೋದು ಮುಂದಿನ ವರ್ಷಗಳ ರಿಪೋರ್ಟಿನಲ್ಲಿ ಗೊತ್ತಾಗಬೇಕು. ಈಗ ನಮಗೆ ಬೇಕಿರುವುದು ಆ ಗೆರೆ ಮೇಲೇರುವುದಲ್ಲ, ಕೆಳಗಿಳಿಯುವ ವೇಗ ಎಲ್ಲರಷ್ಟೇ ಆಗುವುದು. ಅದಕ್ಕೇ ವರ್ಷಕ್ಕೊಮ್ಮೆ ಬಂದು ಊದು ಅಂತ ಹೇಳಿದ್ದೀನಿ.

ಯುಗಾದಿಗೆ ಎಲ್ಲರೂ ಊರಿಗೆ ಹೋಗಿದ್ದೆವು. ಮಗ ಮಹಡಿ ಹತ್ತಿ ಇಳಿದರೂ ಏದುಸಿರು ಬಿಡದ್ದನ್ನು ಅತ್ತೆ ಗಮನಿಸಿದರು. "ನೋಡಮ್ಮಾ, ನಾನು ಕಳಿಸಿದ ಹಿಪ್ಪಲಿ ಕಷಾಯ ಹೆಂಗೆ ಕೆಲಸ ಮಾಡಿದೆ" ಅಂದರು ನನಗೆ. ಮೈದುನ ನನ್ನ ಮುಖ ನೋಡಿದ. "ಹೌದು ಅತ್ತೆ, ಇನ್ನೊಂದು ಬಾಟಲಿ ಕಳಿಸಿ" ಅಂದೆ.